ಅಮ್ಮನಿಗೆ ರಾತ್ರಿ ಹುಷಾರು ತಪ್ಪಿತು, ನನಗೆ ಮರುದಿನ ಗೊತ್ತಾಯಿತು. ಕೆಲಸ ಬಿಟ್ಟು ಊರಿಗೆ ಬಂದುಬಿಡಲಾ?

ತೋಟದ ಹಾದಿ (ಈಗ ಪುಣೆ, ಊರು ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಪುಣೆಯಲ್ಲಿ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಹೆಂಡತಿ ಇಲ್ಲೇ ಟೀಚರ್, ಮಗಳು ಒಂಬತ್ತನೇ ಕ್ಲಾಸು. ಊರಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪನಿಗೆ 76, ಅಮ್ಮನಿಗೆ 71. ಮೂರೂವರೆ ಎಕರೆ ಕಾಫಿ ತೋಟ. ನನಗೆ ಒಡಹುಟ್ಟಿದವರು ಯಾರೂ ಇಲ್ಲ.

ಹೋದ ಶನಿವಾರ ರಾತ್ರಿ ಎರಡು ಗಂಟೆ ಹೊತ್ತಿಗೆ ಅಮ್ಮ ಎದ್ದು ಕೂತು ಏನೇನೋ ಮಾತಾಡಿದ್ದಾರೆ. ಅಪ್ಪನನ್ನೇ "ನೀವು ಯಾರು" ಅಂದಿದ್ದಾರೆ. ಸೀರೆಯೆಲ್ಲ ಬೆವರಿಗೆ ಒದ್ದೆ. ಅಪ್ಪ ಗಾಬರಿಯಲ್ಲಿ ಪಕ್ಕದ ತೋಟದವರಿಗೆ ಫೋನ್ ಮಾಡಿದ್ದಾರೆ. ಕರೆಂಟ್ ಇರಲಿಲ್ಲ, ನಂಬರ್ ಸರಿಯಾಗಿ ಕಾಣದೆ ಮೊದಲು ಬೇರೆ ಯಾರಿಗೋ ಹೋಗಿದೆ. ಆ ಕಡೆ ದಾರಿಯಲ್ಲಿ ಆನೆ ಇದೆ ಅಂತ ಸುದ್ದಿ ಇತ್ತಂತೆ, ಜೀಪನ್ನು ಸುತ್ತು ಹಾಕಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ಅಲ್ಲಿ ನೋಡಿದರೆ ಶುಗರ್ 42. ಡ್ರಿಪ್ ಹಾಕಿ, ಒಂದು ದಿನ ಇಟ್ಟುಕೊಂಡು ಕಳಿಸಿದರು.

ಇದು ನನಗೆ ಹೇಗೆ ಗೊತ್ತಾಯಿತು ಗೊತ್ತಾ? ಭಾನುವಾರ ಸಂಜೆ ಆ ಪಕ್ಕದ ತೋಟದವರ ಮಗ "ಆಂಟಿ ಈಗ ಹೇಗಿದ್ದಾರೆ?" ಅಂತ ಮೆಸೇಜ್ ಮಾಡಿದ. ನನಗೆ ಏನೂ ಗೊತ್ತಿಲ್ಲ! ಅಪ್ಪನಿಗೆ ಫೋನ್ ಮಾಡಿ ಕೂಗಾಡಿದೆ. ಅವರು ತಣ್ಣಗೆ "ನಿಂಗೆ ಹೇಳಿ ಏನು ಮಾಡೋದು ಮಗಾ, ನೀನು ಅಲ್ಲಿಂದ ಏನು ಮಾಡ್ತಿದ್ದೆ" ಅಂದರು. ಅವರು ಚುಚ್ಚಬೇಕು ಅಂತ ಹೇಳಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಮೊನ್ನೆ ಒಂದು ಮದುವೆಯಲ್ಲಿ ಚಿಕ್ಕಪ್ಪ ಬೇರೆ ನಾಲ್ಕು ಜನರ ಮುಂದೆ "ಅವನು ಇದ್ದೂ ಇಲ್ಲದ ಹಾಗೆ ಬಿಡಿ" ಅಂದಿದ್ದರು.

ಮನೆ ಸಾಲ ಇನ್ನೂ ಸುಮಾರಿದೆ. ಅಪ್ಪ ಪುಣೆಗೆ ಬರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಇಲ್ಲಿಂದ ಊರು ಮುಟ್ಟೋಕೆ ಒಂದು ರಾತ್ರಿ, ಮೇಲೆ ಅರ್ಧ ದಿನ. ರಾತ್ರಿ ಶಿಫ್ಟಿನಲ್ಲಿ ನಿಂತುಕೊಂಡು ಯೋಚನೆ ಮಾಡ್ತೀನಿ, ನಾನು ಅಲ್ಲಿದ್ದಿದ್ದರೆ ಹೀಗಾಗ್ತಿತ್ತಾ? ಓದಿಸಿದರು, ದೂರ ಕಳಿಸಿದರು, ಈಗ ಅವರ ಕಷ್ಟಕ್ಕೆ ಆಗದ ಮಗ ನಾನು. ಕೆಲಸ ಬಿಟ್ಟು ಬಂದುಬಿಡಬೇಕು ಅನ್ನಿಸ್ತಿದೆ. ಹಾಗೆ ಬಂದವರು ಯಾರಾದರೂ ಇದ್ದೀರಾ?

---

ಹಾಸನ್ ಹುಡ್ಗ

ಬ್ರೋ, ಕೆಲಸ ಬಿಡೋದೆಲ್ಲ ಬೇಡ. ಮನೆಗೆ ಎರಡು ಕ್ಯಾಮೆರಾ ಹಾಕಿಸಿ, ಮೊಬೈಲಲ್ಲಿ ನೋಡ್ತಾ ಇರಬಹುದು. ನಾನು ನಮ್ಮ ಅಜ್ಜಿ ಮನೆಗೆ ಹಾಕಿಸಿದ್ದೀನಿ. ಶುಗರ್ 42 ಅಂದರೆ ಲೋ ಶುಗರ್, ಮಾತ್ರೆ ಜಾಸ್ತಿ ಆಗಿದೆ. ಮಾತ್ರೆ ನಿಲ್ಲಿಸಿ, ಊಟದಲ್ಲೇ ಕಂಟ್ರೋಲ್ ಮಾಡಿಸಿ. ಸಿಂಪಲ್.

---

ರೊಬಸ್ಟಾ ರಾಯರು

ದಯವಿಟ್ಟು ತೋಟ ಮಾರಬೇಡಿ. ಈಗಿನ ಕಾಫಿ ರೇಟಿನಲ್ಲಿ ಮಾರುವವನು ಆಮೇಲೆ ಪಶ್ಚಾತ್ತಾಪ ಪಡುತ್ತಾನೆ. ಯಾರಿಗಾದರೂ ಕೊಯ್ಲು ಗುತ್ತಿಗೆ ಕೊಡಿ. ಬರೆದು ಕೊಡುವಾಗ ಗಿಡದ ಕಸಿ ಯಾರು ಮಾಡಿಸಬೇಕು, ಗೊಬ್ಬರ ಯಾರದ್ದು ಎಂದು ಸ್ಪಷ್ಟ ಇರಲಿ.

---

ತೋಟದ ಹಾದಿ

ರಾಯರೇ, ತೋಟ ಮಾರುವ ಮಾತು ನಾನು ಎಲ್ಲೂ ಆಡಿಲ್ಲ 🙂

@ಹಾಸನ್ ಹುಡ್ಗ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಇಲ್ಲ. ಟವರ್ ಕೂಡ ಮಲಗುತ್ತೆ. ಕ್ಯಾಮೆರಾ ಯಾವ ಲೆಕ್ಕ.

---

ಬಿಳಿ ಟೋಪಿ

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು. ರಿಟೈರ್ ಆಗಿ ಚಿಕ್ಕಮಗಳೂರಿನಲ್ಲಿದ್ದೀನಿ. ಮಲೆನಾಡಿನ ಮನೆಗಳಿಗೆ ಹೋಗಿ ಇಂಥ ಇಬ್ಬರೇ ಇರುವ ಅಜ್ಜ-ಅಜ್ಜಿಯರನ್ನು ನೋಡಿಕೊಂಡು ಬರುವುದು ಈಗಿನ ಅಭ್ಯಾಸ.

ತಮ್ಮ, ನಿನ್ನ ಪ್ರಶ್ನೆಗೆ ಆಮೇಲೆ ಬರ್ತೀನಿ. ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳು. ಅಮ್ಮ ಯಾವ ಮಾತ್ರೆ ತಗೊಳ್ತಾರೆ? ಹೆಸರು ಗೊತ್ತಿಲ್ಲದಿದ್ದರೆ ಆ ಪಕ್ಕದ ಮನೆ ಹುಡುಗನಿಗೆ ಹೇಳಿ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ಕಳಿಸು ಅನ್ನು. ಅಲ್ಲಿ ಕಂಪನಿ ಇಟ್ಟ ಹೆಸರಷ್ಟೇ ಅಲ್ಲ, ಒಳಗಿನ ಮದ್ದಿನ ಹೆಸರೂ ಇರುತ್ತೆ. ಬಿಪಿ ಮಾತ್ರೆ ಇದೆಯಾ? ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಟೆಸ್ಟು ಯಾವಾಗ ಮಾಡಿಸಿದ್ದು? ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟು ಎಷ್ಟು ಬಂದಿತ್ತು? ಎಲ್ಲಕ್ಕಿಂತ ಮುಖ್ಯ, ಶನಿವಾರ ರಾತ್ರಿ ಅವರು ಏನು ಊಟ ಮಾಡಿದ್ದರು?

@ಹಾಸನ್ ಹುಡ್ಗ, ಮಾತ್ರೆ ಜಾಸ್ತಿ ಆಗಿರಬಹುದು ಅಂದದ್ದು ಸರಿಯಿದೆ. ಆದರೆ "ಮಾತ್ರೆ ನಿಲ್ಲಿಸಿ" ಅಂತ ಇಲ್ಲಿ ಬರೆಯಬೇಡ. ಎಲ್ಲ ಒಟ್ಟಿಗೆ ನಿಲ್ಲಿಸಿ ಮುನ್ನೂರೈವತ್ತು, ನಾನೂರು ಮಾಡ್ಕೊಂಡು ಬರುವವರನ್ನೂ ನೋಡಿದ್ದೀನಿ.

---

ತೋಟದ ಹಾದಿ

ಅಕ್ಕ, ಫೋಟೋ ತರಿಸಿದೆ. ಶುಗರ್ ಮಾತ್ರೆಯಲ್ಲಿ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಎರಡೂ ಸೇರಿವೆ. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು. ಬಿಪಿಗೆ ಮೆಟೊಪ್ರೊಲಾಲ್. ಮೂರು ತಿಂಗಳದ್ದು 6.4 ಇತ್ತು, ಡಾಕ್ಟರು ತುಂಬಾ ಚೆನ್ನಾಗಿದೆ ಅಂದಿದ್ದರಂತೆ. ಕ್ರಿಯಾಟಿನಿನ್ ನೋಡಿಸಿದ ಕಾಗದ ಮನೆಯಲ್ಲಿ ಸಿಗಲಿಲ್ಲ.

ಶನಿವಾರ ಅಮ್ಮನಿಗೆ ಒಪ್ಪತ್ತು. ಮಧ್ಯಾಹ್ನ ಊಟ, ರಾತ್ರಿ ಬರೀ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಮಾತ್ರೆ? "ಅದನ್ನು ಬಿಡಬಾರದು ಅಂತ ನೀನೇ ಹೇಳಿದ್ಯಲ್ಲ" ಅಂದರು.

---

ಬಿಳಿ ಟೋಪಿ

ಇಲ್ಲೇ ಇದೆ ನೋಡು.

ಗ್ಲಿಮೆಪಿರೈಡ್ ಕೆಲಸ ಮಾಡುವ ರೀತಿ ಹೇಗೆ ಅಂದರೆ, ಊಟ ಮಾಡಿದರೂ ಮಾಡದಿದ್ದರೂ ಅದು ಇನ್ಸುಲಿನ್ ಬಿಡಿಸುತ್ತೆ. ಬೇರೆ ದಿನ ಮುದ್ದೆಯೋ ಅನ್ನವೋ ಹೊಟ್ಟೆಯಲ್ಲಿ ಇರುತ್ತಿತ್ತು. ಒಪ್ಪತ್ತಿನ ದಿನ ಎರಡು ಬಾಳೆಹಣ್ಣಿನ ಸಕ್ಕರೆ ಹನ್ನೊಂದು, ಹನ್ನೆರಡಕ್ಕೆಲ್ಲ ಮುಗಿಯಿತು. ಮಾತ್ರೆ ಮಾತ್ರ ಎಳೆಯುತ್ತಲೇ ಇತ್ತು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಹೀಗಾಗುವುದು ಅಪರೂಪ. ವಯಸ್ಸಾದ ಮೇಲೆ ಕಿಡ್ನಿ ನಿಧಾನ ಆಗುತ್ತೆ, ಮದ್ದು ಮೈಯಿಂದ ಹೊರಗೆ ಹೋಗುವುದು ತಡ. ಅದಕ್ಕೇ ಕ್ರಿಯಾಟಿನಿನ್ ಕೇಳಿದ್ದು.

ಇನ್ನೊಂದು ವಿಷಯ. ಶುಗರ್ ಇಳಿದಾಗ ಕೈ ನಡುಗುತ್ತೆ, ಎದೆ ಹೊಡೆದುಕೊಳ್ಳುತ್ತೆ, ಜನ ಅದರಿಂದ ಎಚ್ಚೆತ್ತು ಏನಾದರೂ ತಿಂತಾರೆ. ಮೆಟೊಪ್ರೊಲಾಲ್ ತರದ ಬಿಪಿ ಮಾತ್ರೆ ತಗೊಳ್ಳುವವರಿಗೆ ಆ ನಡುಕ, ಹೊಡೆತ ಅಷ್ಟಾಗಿ ತಿಳಿಯುವುದಿಲ್ಲ. ಬೆವರು ಮಾತ್ರ ಬರುತ್ತೆ. ನಿಮ್ಮ ಅಮ್ಮನ ಸೀರೆ ಒದ್ದೆ ಆಗಿದ್ದು ಅದಕ್ಕೇ. ಆಮೇಲೆ ಸೀದಾ ತಲೆಗೆ ಏರುತ್ತೆ: ಗುರುತು ಸಿಗಲ್ಲ, ಮಾತು ತೊದಲುತ್ತೆ. ಇದನ್ನು ಮನೆಯವರು ಮರೆವಿನ ಕಾಯಿಲೆ ಅಂತಾರೆ, ಲಕ್ವ ಅಂತಾರೆ. ಗಾಳಿ ಸೋಕಿದೆ ಅಂತ ಬೆಳಗಿನವರೆಗೆ ವಿಭೂತಿ ಹಚ್ಚಿ ಕೂರಿಸಿದ್ದನ್ನೂ ನಾನು ಕಂಡಿದ್ದೀನಿ. ನಿಮ್ಮ ಅಪ್ಪ ಹಾಗೆ ಮಾಡಲಿಲ್ಲ. ಹತ್ತಿರ ಗಾಡಿ ಇರುವವರನ್ನು ಎಬ್ಬಿಸಿದರು. ಅದಕ್ಕಿಂತ ಸರಿಯಾದ ಕೆಲಸ ಇನ್ನೊಂದಿಲ್ಲ. ಮೊದಲ ಫೋನ್ ನಿನಗೆ ಬರಲಿಲ್ಲ ಅನ್ನೋದು ನಿನಗೆ ಅವಮಾನ ಅನ್ನಿಸ್ತಿದೆ, ಅಲ್ವಾ? ಮೊದಲ ಫೋನ್ ಪುಣೆಗೆ ಬಂದಿದ್ದರೆ ಹತ್ತು ನಿಮಿಷ ನೀವಿಬ್ಬರೂ ಸೇರಿ ಗಾಬರಿ ಆಗ್ತಿದ್ರಿ, ಅಷ್ಟೇ.

"ನಾನಿದ್ದಿದ್ದರೆ ಹೀಗಾಗ್ತಿತ್ತಾ" ಅಂದೆ. ಆಗ್ತಿತ್ತು. ಅಪ್ಪ ಪಕ್ಕದಲ್ಲೇ ಮಲಗಿದ್ದರು, ಆದರೂ ಆಯಿತಲ್ಲ. ನೀನು ಇನ್ನೊಂದು ಕೋಣೆಯಲ್ಲಿ ನಿದ್ದೆ ಮಾಡ್ತಿರ್ತಿದ್ದೆ. ಅಲ್ಲಿ ಬೇಕಾಗಿದ್ದು ಒಪ್ಪತ್ತು ಯಾವತ್ತು, ಮಾತ್ರೆ ಯಾವುದು ಎರಡನ್ನೂ ಒಟ್ಟಿಗೆ ನೋಡುವ ಒಬ್ಬರು. ಅದು ಪುಣೆಯಿಂದಲೂ ಆಗುತ್ತೆ, ಈಗ ನೀನೇ ಮಾಡಿದೆಯಲ್ಲ.

6.4ರ ಬಗ್ಗೆ ಒಂದು ಮಾತು. ದೂರ ಇರುವ ಮಕ್ಕಳಿಗೆ ಕೈಗೆ ಸಿಗೋದು ನಂಬರ್ ಒಂದೇ, ಹಾಗಾಗಿ ಅದರ ಹಿಂದೆ ಬೀಳ್ತಾರೆ. ಎಪ್ಪತ್ತು ದಾಟಿದವರಿಗೆ, ಅದೂ ಈ ಮಾತ್ರೆ ತಗೊಳ್ಳುವವರಿಗೆ, 6.4 ಬಂದರೆ ನಾನು ಶಭಾಷ್ ಅನ್ನಲ್ಲ. ರಾತ್ರಿ ಎಲ್ಲೋ ತುಂಬಾ ಇಳೀತಿದೆಯಾ ಅಂತ ಅನುಮಾನ ಪಡ್ತೀನಿ. ಈ ವಯಸ್ಸಿಗೆ ಏಳೂವರೆ ಆಸುಪಾಸು ಇದ್ದರೆ ಅನೇಕ ಡಾಕ್ಟರುಗಳು ಒಪ್ಪುತ್ತಾರೆ, ಮೈ ಸೋತವರಾದರೆ ಎಂಟೂ ನಡೆಯುತ್ತೆ. ನಾಲ್ಕು ದಿನದೊಳಗೆ ಡಾಕ್ಟರ ಹತ್ತಿರ ಕಳಿಸು. ಒಂದು ಚೀಟಿಯಲ್ಲಿ ಬರೆದು ಕೊಡು: "ಶನಿವಾರ ಒಪ್ಪತ್ತು ಮಾಡ್ತಾರೆ, ಆ ರಾತ್ರಿ 42 ಇತ್ತು, ಕ್ರಿಯಾಟಿನಿನ್ ನೋಡಬೇಕಾ?" ಅಮ್ಮ ಬಾಯಿಬಿಟ್ಟು ಹೇಳಲ್ಲ. ಡಾಕ್ಟರ ಮುಂದೆ "ಎಲ್ಲ ಚೆನ್ನಾಗಿದೆ" ಅಂದುಬಿಡ್ತಾರೆ. ಅಲ್ಲಿಯವರೆಗೆ ಒಪ್ಪತ್ತು ಬೇಡ ಅಂತ ಕೈಮುಗಿದು ಕೇಳಿಕೋ.

---

ಹಾಸನ್ ಹುಡ್ಗ

ಹಾಗಾದರೆ ಒಪ್ಪತ್ತು ಬಿಡಿಸಿದರೆ ಮುಗೀತಲ್ಲ ಅಕ್ಕ?

---

ಬಿಳಿ ಟೋಪಿ

ನಿನಗೆ ಮದುವೆ ಆಗಿದೆಯಾ? ನಲವತ್ತು ವರ್ಷ ಶನಿವಾರ ಹಿಡಿದವರನ್ನು ಬಿಡಿಸಿ ನೋಡು. ಮುಂದೆ ಕದ್ದು ಮಾಡ್ತಾರೆ. ಒಪ್ಪತ್ತಿಗೆ ಹೊಂದುವ ಮಾತ್ರೆ ಕೇಳೋದು ಸುಲಭ.

---

ಬೇಲೂರು ಮೇಷ್ಟ್ರು

ನನಗೆ ಈಗ 73. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮಗ ಹೈದರಾಬಾದಿನಲ್ಲಿದ್ದಾನೆ. ಇಲ್ಲಿ ಮಕ್ಕಳೇ ಮಾತಾಡುತ್ತಿದ್ದೀರಿ, ಅಪ್ಪಂದಿರ ಕಡೆಯಿಂದ ಒಂದು ಮಾತು ಬರಲಿ ಎಂದು ಬರೆಯುತ್ತಿದ್ದೇನೆ.

ನಾವು ಯಾಕೆ ಹೇಳುವುದಿಲ್ಲ ಎಂದು ಎಲ್ಲ ಮಕ್ಕಳೂ ಸಿಟ್ಟು ಮಾಡಿಕೊಳ್ಳುತ್ತೀರಿ. ನಿಮಗೆ ತೊಂದರೆ ಕೊಡಬಾರದು ಎಂಬುದು ಅರ್ಧ ಕಾರಣ. ಇನ್ನರ್ಧ ಯಾರೂ ಹೊರಗೆ ಹೇಳುವುದಿಲ್ಲ. ಹೋದ ವರ್ಷ ಬಚ್ಚಲಲ್ಲಿ ಜಾರಿದೆ. ಏನೂ ಮುರಿಯಲಿಲ್ಲ, ಮಂಡಿ ಊದಿತು. ಮಗನಿಗೆ ಹೇಳಿದೆ. ಅವತ್ತು ರಾತ್ರಿಯೇ ಅವನು "ಇನ್ನು ನೀವಿಬ್ಬರೇ ಇರೋದು ಬೇಡ, ಮನೆ ಬಾಡಿಗೆಗೆ ಕೊಡೋಣ" ಎಂದು ಶುರು ಮಾಡಿದ. ಒಂದು ವಾರ ಅದೇ ಮಾತು. ಅಂದಿನಿಂದ ನಾನು ಏನೂ ಹೇಳುವುದಿಲ್ಲ. ಒಂದು ಸತ್ಯ ಹೇಳಿದರೆ ಒಂದು ಮನೆ ಹೋಗುತ್ತದೆ ಎನ್ನುವ ಹಾಗಿದ್ದರೆ ಯಾರು ಹೇಳುತ್ತಾರೆ?

ಈ ತಮ್ಮನ ತಂದೆ ಕೂಡ ಮಗ ಬಂದು ಎತ್ತಿಕೊಂಡು ಹೋಗುತ್ತಾನೆ ಎಂದು ಹೆದರಿರಬಹುದು. ಇಲ್ಲವೇ ಕೆಲಸ ಬಿಟ್ಟು ಬಂದು ಕೂರುತ್ತಾನೆ ಎಂದು. ಎರಡನೆಯದು ಇನ್ನೂ ಭಯಂಕರ. ಮಗನ ಸಂಬಳ ನಿಂತಿದ್ದಕ್ಕೆ ನಾನು ಕಾರಣ ಎಂದು ಗೊತ್ತಿಟ್ಟುಕೊಂಡು ಅದೇ ಮನೆಯಲ್ಲಿ ಅವನ ಜೊತೆ ಕಾಫಿ ಕುಡಿಯುವುದು ನನ್ನಿಂದಾಗದು.

ನಿಮ್ಮ ತಂದೆಗೆ ಒಂದು ಮಾತು ಕೊಡಿ. "ಏನೇ ಆದರೂ ಹೇಳಿ, ನಾನು ಕರ್ಕೊಂಡು ಹೋಗುವ ಮಾತೆತ್ತಲ್ಲ" ಎಂದು. ಕೊಟ್ಟ ಮೇಲೆ ಉಳಿಸಿಕೊಳ್ಳಿ.

---

ನಾಲ್ಕನೇ ಮಹಡಿ

ಮೇಷ್ಟ್ರೇ, ನಿಮ್ಮ ಮಾತು ಒಪ್ಪಿದೆ. ಆದರೆ ಮನೆಯಲ್ಲಿ ಅಪ್ಪ ಒಬ್ಬರೇ ಇರುವುದಿಲ್ಲವಲ್ಲ. ನಾನು ಅರಸೀಕೆರೆಯಿಂದ ಅಪ್ಪ, ಅಮ್ಮ ಇಬ್ಬರನ್ನೂ ಬೆಂಗಳೂರಿನ ಫ್ಲ್ಯಾಟಿಗೆ ಕರೆತಂದೆ. ಅಪ್ಪ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಗಾಡಿ ನೋಡ್ತಿದ್ದರು. ಊರಲ್ಲಿ ದಿನಾ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಪೇಪರ್ ಓದಿ, ನಾಲ್ಕು ಜನರ ಜೊತೆ ಜಗಳ ಆಡಿ ಬರುತ್ತಿದ್ದ ಮನುಷ್ಯ. ಇಲ್ಲಿ ಮಾತೇ ಕಡಿಮೆ ಆಯಿತು. ಕೊನೆಗೆ ಒಂದು ದಿನ ಬ್ಯಾಗ್ ತುಂಬಿಕೊಂಡು ರೈಲು ಹತ್ತಿದರು.

ಎಲ್ಲರೂ ಈ ಕತೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ, ಹಿರಿಯರನ್ನು ಊರಿಂದ ಕೀಳಬಾರದು ಅಂತ. ನನ್ನ ಅಮ್ಮ ಹೋಗಲಿಲ್ಲ! ಅವರಿಗೆ ಇಲ್ಲಿ ಖುಷಿ. ಬಾವಿ ಸೇದೋದು ಇಲ್ಲ, ಸೌದೆ ಒಲೆ ಇಲ್ಲ, ಬಂದವರಿಗೆಲ್ಲ ಕಾಫಿ ಕಾಯಿಸೋದು ಇಲ್ಲ. ಮೊಮ್ಮಗಳ ಜೊತೆ ಟಿವಿ. ಊರಿನ ಸುಖ ಅಪ್ಪನದ್ದು, ಊರಿನ ಕೆಲಸ ಅಮ್ಮನದ್ದು. ಈಗ ಅಪ್ಪ ಅಲ್ಲಿ, ಅಮ್ಮ ಇಲ್ಲಿ. ನೆಂಟರು ಆಡಿಕೊಳ್ತಾರೆ. ಏನು ಮಾಡಬೇಕು ನನಗೂ ಗೊತ್ತಿಲ್ಲ. ತೋಟದ ಹಾದಿಯವರೇ, ಅಪ್ಪ ಬರಲ್ಲ ಅಂದರು ಅಂತ ಬರೆದಿದ್ದೀರಿ. ಅಮ್ಮ ಏನಂದರು? ಅವರನ್ನು ಬೇರೆಯಾಗಿ ಕೇಳಿದ್ದೀರಾ?

---

ಕೋರ್ಟು ಕಚೇರಿ

ಒಂದು ಎಚ್ಚರಿಕೆ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ತಂದೆ-ತಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳದ ಮಕ್ಕಳ ಮೇಲೆ ಕೇಸ್ ಹಾಕಬಹುದು. ಎಸಿ ಕಚೇರಿಗೆ ಅರ್ಜಿ ಕೊಟ್ಟರೆ ಸಾಕು.

---

ಬೇಲೂರು ಮೇಷ್ಟ್ರು

ಕಚೇರಿಯವರೇ, ಅರ್ಜಿ ಕೊಡುವ ಜಾಗ ಸರಿ ಹೇಳಿದಿರಿ. ಆದರೆ ಅದು ತಮ್ಮ ಆದಾಯದಲ್ಲಿ ಬದುಕಲಾರದ ತಂದೆ-ತಾಯಿಗೆ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾಯ್ದೆ. ಮಗ ಪುಣೆಯಲ್ಲಿದ್ದಾನೆ ಎನ್ನುವುದೇ ಅಪರಾಧ ಎಂದು ಅದರಲ್ಲಿ ಎಲ್ಲೂ ಇಲ್ಲ. ಈಗಾಗಲೇ ಕೊರಗುತ್ತಿರುವವನನ್ನು ಯಾಕೆ ಹೆದರಿಸುತ್ತೀರಿ?

---

ಪಕ್ಕದ ಮನೆಯವಳು

ಎಲ್ಲ ಓದಿದೆ. ಸ್ವಲ್ಪ ಖಾರವಾಗಿ ಬರೆದರೆ ಕ್ಷಮಿಸಿ.

ನಾನು ಹಾಸನದಲ್ಲೇ ಇದ್ದೀನಿ. ತವರು ಮನೆ ಎರಡು ಬೀದಿ ಆಚೆ. ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬರಲ್ಲ. ಅಣ್ಣ ಅಮೆರಿಕದಲ್ಲಿದ್ದಾನೆ. ಅವನಿಗೂ ನಿಮ್ಮ ಹಾಗೇ ಗಿಲ್ಟ್. ಫೋನ್ ಮಾಡಿದಾಗಲೆಲ್ಲ ಅಳ್ತಾನೆ, ಅವನನ್ನು ಸಮಾಧಾನ ಮಾಡೋ ಕೆಲಸವೂ ನನ್ನದೇ. ರಜಕ್ಕೆ ಬಂದರೆ ಅಪ್ಪನಿಗೆ ಹಬ್ಬ. ಅವನು ಬಂದು ಎರಡು ದಿನ ಕೂತು "ಫಿಸಿಯೋ ಸರಿಯಾಗಿ ಮಾಡಿಸ್ತಿಲ್ಲ" ಅಂತ ನನಗೆ ಹೇಳ್ತಾನೆ. ಅಪ್ಪನ ಡಯಾಪರ್ ಯಾವ ಸೈಜು ಅಂತ ಅವನಿಗೆ ಗೊತ್ತಿಲ್ಲ.

ನನಗೆ ಅವನ ಗಿಲ್ಟ್ ಬೇಡ, ಒಂದು ಭಾನುವಾರ ಬೇಕು. ಬಂದಾಗ ನೆಂಟನ ಹಾಗೆ ಬರೋದು ಬೇಡ. ಹತ್ತು ದಿನ ಅಪ್ಪನನ್ನು ಅವನ ಕೈಗೆ ಕೊಟ್ಟು ನಾನು ಎಲ್ಲಾದರೂ ಹೋಗಿಬರಬೇಕು. ದೂರ ಕೂತೇ ಮಾಡುವ ಕೆಲಸವೂ ಎಷ್ಟೋ ಇದೆ. ನೋಡಿಕೊಳ್ಳುವವಳು ಹೇಳದೆ ಬಿಟ್ಟು ಹೋದರೆ ಇನ್ನೊಬ್ಬಳನ್ನು ಹುಡುಕೋಕೆ ಇಪ್ಪತ್ತು ಫೋನ್ ಮಾಡಬೇಕು. ಅದನ್ನು ಅಮೆರಿಕದಿಂದ ಮಾಡೋಕಾಗಲ್ವಾ? ಪಿಂಚಣಿಯ ಲೈಫ್ ಸರ್ಟಿಫಿಕೇಟ್ ಪ್ರತಿ ನವೆಂಬರಿನಲ್ಲಿ ನೆನಪು ಮಾಡೋಕಾಗಲ್ವಾ?

ನಿಮಗೆ ಹತ್ತಿರ ಇರುವ ತಂಗಿ ಇಲ್ಲ, ಸರಿ. ಆದರೆ ಮಧ್ಯರಾತ್ರಿ ಜೀಪು ತೆಗೆದ ಮನುಷ್ಯ ನಿಮ್ಮ ಪಾಲಿನ ಕೆಲಸ ಮಾಡಿದ್ದಾನೆ. ನಿಮ್ಮ ಬರಹದಲ್ಲಿ ಅವನ ಬಗ್ಗೆ ಇರೋದು ಎರಡು ವಾಕ್ಯ, ನಿಮ್ಮ ನೋವಿನ ಬಗ್ಗೆ ಇರೋದು ಒಂದು ಪುಟ. ಅವನ ಜೊತೆ ಕೂತು ಮಾತಾಡಿದ್ದೀರಾ?

---

ತೋಟದ ಹಾದಿ

ಖಾರ ಇದ್ದರೂ ಸರಿ ಅಕ್ಕ. ಅವರು ಅಪ್ಪನಿಗಿಂತ ಹದಿನೈದು ವರ್ಷ ಚಿಕ್ಕವರು, ನಾನು ಮಾವ ಅಂತೀನಿ. ಫೋನ್ ಮಾಡಿ ಡೀಸೆಲ್‌ಗೆ ದುಡ್ಡು ಕಳಿಸ್ತೀನಿ ಅಂತ ಹೇಳಿದ್ದಕ್ಕೆ ಬೈದರು. "ನಿಮ್ಮಪ್ಪ ನಮ್ಮ ಮನೆ ಬಾಣಂತನಕ್ಕೆ ಗಾಡಿ ಹೊಂದಿಸಿದ್ದು ನಿಂಗೊತ್ತಿಲ್ಲ, ಸುಮ್ನಿರು" ಅಂದರು. ಆದರೆ ಸದಾ ಅವರನ್ನೇ ಎಬ್ಬಿಸೋಕಾಗುತ್ತಾ?

---

ಬಿಳಿ ಟೋಪಿ

ಅವರಿಗೆ ದುಡ್ಡು ಕೊಡಬೇಡ, ಸಂಬಂಧ ಕೆಡುತ್ತೆ. ಆದರೆ ಸಣ್ಣಪುಟ್ಟದಕ್ಕೆಲ್ಲ ಅವರನ್ನೇ ಕರೆಯಬಾರದು. ತಿಂಗಳ ಚೆಕಪ್ಪು, ಲ್ಯಾಬು, ಬ್ಯಾಂಕು, ಇದಕ್ಕೆಲ್ಲ ಬಾಡಿಗೆ ಕೊಟ್ಟು ಒಬ್ಬ ಗಾಡಿಯವನನ್ನು ಗೊತ್ತು ಮಾಡು. ಗೂಗಲ್ ಪೇ ನೀನು ಮಾಡು, ಅಪ್ಪ ಬಾಡಿಗೆ ಕೇಳಿ ಚೌಕಾಸಿ ಮಾಡೋದು ತಪ್ಪುತ್ತೆ. ಮಾವನ ಜೀಪು ರಾತ್ರಿಯ ಕರೆಗೆ ಉಳೀಲಿ. ಅವರು ಊರಲ್ಲಿಲ್ಲದ ದಿನಕ್ಕೆ ಇನ್ನೊಂದು ಮನೆ ಬೇಕು. ಅದು ಯಾರು ಅಂತ ಅಪ್ಪನನ್ನೇ ಕೇಳು, ನೀನು ಆರಿಸಬೇಡ. ಅವರಿಗೆ ಯಾರ ಮನೆ ಬಾಗಿಲು ತಟ್ಟೋಕೆ ಸಂಕೋಚ ಇಲ್ಲವೋ ಅವರದ್ದೇ ಆಗಬೇಕು.

ಮಾವನಿಗೂ ಅಪ್ಪನಿಗೂ ಇದನ್ನು ಹೇಳಿಕೊಡು. ಶುಗರ್ ಇಳಿದ ಹಾಗೆ ಕಂಡರೆ, ಅಮ್ಮ ಎಚ್ಚರ ಇದ್ದು ನುಂಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕುಡಿಸಬೇಕು. ಹದಿನೈದು ನಿಮಿಷ ಬಿಟ್ಟು ಮಿಷನ್ನಿನಲ್ಲಿ ನೋಡಿ, 70 ದಾಟದಿದ್ದರೆ ಇನ್ನೊಂದು ಸಲ. ಆಮೇಲೆ ಅನ್ನವೋ ಬಿಸ್ಕತ್ತೋ ಕೊಡಬೇಕು. ನುಂಗೋಕೆ ಆಗದಷ್ಟು ಮಂಪರು ಇದ್ದರೆ ಬಾಯಿಗೆ ಏನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೂ ಜೀಪಿಗೂ ಕರೆ. ಈ ಮಾತ್ರೆಯಿಂದ ಇಳಿದ ಶುಗರ್ ಒಮ್ಮೆ ಏರಿ ಮತ್ತೆ ಇಳಿಯಬಹುದು, ಆದ್ದರಿಂದ ಸರಿಹೋಯಿತು ಅಂತ ಮಲಗಬಾರದು, ಆಸ್ಪತ್ರೆಗೆ ಹೋಗಲೇಬೇಕು. ಮನೆಯಲ್ಲಿ ಸಕ್ಕರೆ ಇದೆಯಾ ಕೇಳು. ಶುಗರ್ ಇರುವವರ ಮನೆ ಅಂತ ಡಬ್ಬಿಯನ್ನೇ ಎತ್ತಿಟ್ಟ ಮನೆಗಳು ಎಷ್ಟೋ.

ಇನ್ನು ಕೆಲಸ ಬಿಡುವ ಪ್ರಶ್ನೆ. ನಾನು ಒಂದು ಮನೆಗೆ ಹೋದಾಗ ನೋಡೋದು ಇಷ್ಟೇ, ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗೆ ಆಗ್ತಿದ್ದಾರಾ? ನಿಮ್ಮ ಮನೆಯಲ್ಲಿ ಈಗ ಆಗ್ತಿದ್ದಾರೆ. ಯಾರಾದರೂ ಒಬ್ಬರು ಹಾಸಿಗೆಯಿಂದ ತಾವಾಗಿ ಏಳಲಾಗದ ದಿನ, ಮರೆತು ದಾರಿ ತಪ್ಪಿ ಹೋಗುವ ದಿನ, ಇಲ್ಲವೇ ಒಬ್ಬರೇ ಉಳಿದ ದಿನ ಈ ವ್ಯವಸ್ಥೆ ನಿಲ್ಲಲ್ಲ. ಆಗ ಯಾರಾದರೂ ಬರಲೇಬೇಕು, ಇಲ್ಲ ಅವರು ಹೋಗಲೇಬೇಕು. ಫೋನಿಂದ ಅದನ್ನು ಮಾಡೋಕಾಗಲ್ಲ. ಇವತ್ತೇ ಕೆಲಸ ಬಿಟ್ಟು ಕೈ ಖಾಲಿ ಮಾಡ್ಕೊಂಡರೆ ಅವತ್ತಿಗೆ ಏನು ಉಳಿಯುತ್ತೆ? ಸಂಬಳ ಇಲ್ಲದ ದೀರ್ಘ ರಜೆ ಕಾರ್ಖಾನೆಯಲ್ಲಿ ಸಿಗುತ್ತಾ ಅಂತ ಈಗಲೇ ಕೇಳಿಟ್ಟುಕೋ.

ಫೋನ್ ಮಾಡಿದಾಗ "ಹುಷಾರಾಗಿದ್ದೀರಾ, ಊಟ ಆಯ್ತಾ" ಅಂತ ಕೇಳಬೇಡ. ಆಯ್ತು ಅಂತಾರೆ. "ಏನು ಸಾರು ಮಾಡಿದ್ರಿ, ಯಾರು ಬಂದಿದ್ರು, ಪೇಟೆಗೆ ಯಾವತ್ತು ಹೋಗಿದ್ರಿ" ಅಂತ ಕೇಳು. ಮೂರು ದಿನ ಒಂದೇ ಸಾರು ಅಂದರೆ ಅಡುಗೆ ಮಾಡೋಕೆ ಆಗ್ತಿಲ್ಲ ಅಂತ ಅರ್ಥ.

---

ರೊಬಸ್ಟಾ ರಾಯರು

ತಪ್ಪು ತಿಳಿದುಕೊಂಡಿದ್ದೆ, ಪೂರ್ತಿ ಓದಿರಲಿಲ್ಲ. ಆದರೂ ಒಂದು ಹೇಳುತ್ತೇನೆ. ನವೆಂಬರ್ ಕೊನೆಯಿಂದ ಕೊಯ್ಲು. ಆಗ ನಿಮ್ಮ ತಂದೆ ಊಟದ ಹೊತ್ತು ಮರೆತು ಕಣದಲ್ಲೇ ಇರುತ್ತಾರೆ, ತಾಯಿ ಆಳುಗಳಿಗೆ ಕಾಫಿ-ತಿಂಡಿ ಎಂದು ನಿಂತೇ ಇರುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರ ಶುಗರ್, ಬಿಪಿ ಏರುಪೇರಾಗುವುದು ಯಾವಾಗಲೂ ಕೊಯ್ಲಿನಲ್ಲೇ. ದೀಪಾವಳಿಗೆ ಬಂದು ಹೋಗುವ ರಜೆಯನ್ನು ಕೊಯ್ಲಿಗೆ ಇಟ್ಟುಕೊಳ್ಳಿ. ಹಬ್ಬಕ್ಕೆ ಬಂದರೆ ನಿಮಗೇ ಅಡುಗೆ ಮಾಡಿ ಸುಸ್ತಾಗುತ್ತಾರೆ.

---

ತೋಟದ ಹಾದಿ (ಮೂರು ವಾರದ ನಂತರ)

ಹೇಳದೆ ಇರುವುದು ಸರಿಯಲ್ಲ ಅಂತ ಬರೀತಿದ್ದೀನಿ. ಊರಿಗೆ ಹೋಗಿದ್ದೆ, ನಾನೇ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಕ್ರಿಯಾಟಿನಿನ್ 1.5 ಬಂತು. ಬಿಳಿ ಟೋಪಿ ಅಕ್ಕ ಹೇಳಿದ ಚೀಟಿ ಓದಿದ ಡಾಕ್ಟರು ಗ್ಲಿಮೆಪಿರೈಡ್ ಪೂರ್ತಿ ನಿಲ್ಲಿಸಿದರು. ಲಿನಾಗ್ಲಿಪ್ಟಿನ್ ಅಂತ ದಿನಕ್ಕೊಂದು ಕೊಟ್ಟರು, ಮೆಟ್‌ಫಾರ್ಮಿನ್ ಅರ್ಧ ಮಾಡಿದರು. ಇದರಲ್ಲಿ ಶುಗರ್ ಹಾಗೆ ಕುಸಿಯೋದು ಕಡಿಮೆಯಂತೆ. ಒಪ್ಪತ್ತಿಗೆ ಅಡ್ಡಿ ಇಲ್ಲ, ಆದರೆ ರಾತ್ರಿ ಅವಲಕ್ಕಿಯೋ ಉಪ್ಪಿಟ್ಟೋ ಫಲಾಹಾರ ಆಗಲಿ ಅಂದರು. ಅಮ್ಮನ ಮುಖ ನೋಡಬೇಕಿತ್ತು, ದೇವರೇ ಪರ್ಮಿಷನ್ ಕೊಟ್ಟ ಹಾಗೆ. ಈಗ ಬೆಳಗಿನ ಶುಗರ್ 150ರ ಆಸುಪಾಸು ಇದೆ.

ಅಪ್ಪನಿಗೆ ಮೇಷ್ಟ್ರು ಹೇಳಿದ ಮಾತು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಇನ್ನೊಂದು ಹೇಳ್ತೀನಿ" ಅಂದು, ಹೋದ ಮಳೆಗಾಲದಲ್ಲಿ ತೋಟದಲ್ಲಿ ಬಿದ್ದಿದ್ದನ್ನು ಹೇಳಿದರು. ನನಗೆ ಕೂಗಬೇಕು ಅನ್ನಿಸಿತು. ಕೂಗಲಿಲ್ಲ.

ನಾಲ್ಕನೇ ಮಹಡಿಯವರು ಕೇಳಿದ ಹಾಗೆ ಅಮ್ಮನನ್ನು ಹಿತ್ತಲಲ್ಲಿ ಒಬ್ಬರನ್ನೇ ಕೇಳಿದೆ. ಅವರಿಗೆ ಪುಣೆ ಇಷ್ಟವಂತೆ, ಹಿಂದೆ ಬಂದಿದ್ದಾಗ ಹೇಳಿರಲಿಲ್ಲವಂತೆ. "ಅವ್ರನ್ನ ಬಿಟ್ಟು ಬರೋಕಾಗುತ್ತಾ, ಈ ಮಾತು ಅವ್ರಿಗೆ ಹೇಳ್ಬೇಡ" ಅಂದರು. ಇದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಕೆಲಸ ಬಿಟ್ಟಿಲ್ಲ. ರಾಯರ ಮಾತಿನ ಹಾಗೆ ರಜೆ ಡಿಸೆಂಬರಿಗೆ ಬದಲಾಯಿಸಿದೆ. ಮನಸ್ಸು ಹಗುರ ಆಯ್ತಾ ಅಂದರೆ ಇಲ್ಲ. ಚಿಕ್ಕಪ್ಪ ಈ ಸಲವೂ ಸಿಕ್ಕಿ "ಎಷ್ಟು ದಿನ ರಜ" ಅಂತ ನಕ್ಕರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಪಕ್ಕದ ಮನೆಯವಳು

ನಿಮ್ಮ ಚಿಕ್ಕಪ್ಪ ಆ ರಾತ್ರಿ ಎಲ್ಲಿದ್ದರು ಅಂತ ಕೇಳಬೇಕಿತ್ತು. ಈ ಚರ್ಚೆಯನ್ನು ಅಣ್ಣನಿಗೆ ಕಳಿಸಿದ್ದೀನಿ. ಓದಿದ್ದಾನೆ, ಏನೂ ಹೇಳಿಲ್ಲ. ಕಾಯ್ತಿದ್ದೀನಿ.

---

ನಾಲ್ಕನೇ ಮಹಡಿ

ಅಮ್ಮ ಹೇಳಬೇಡ ಅಂದದ್ದನ್ನು ಅಪ್ಪನಿಗೆ ಹೇಳಬೇಡಿ. ಆದರೆ ಕೊಯ್ಲು ಮುಗಿದ ಮೇಲೆ ಅಮ್ಮ ಒಬ್ಬರನ್ನೇ ಒಂದು ತಿಂಗಳು ಮೊಮ್ಮಗಳ ಪರೀಕ್ಷೆ ನೆಪದಲ್ಲಿ ಕರೆಸಿಕೊಳ್ಳಿ.

---

ಬೇಲೂರು ಮೇಷ್ಟ್ರು

ಆ ಒಂದು ತಿಂಗಳು ತಂದೆಗೆ ಅಡುಗೆ ಯಾರು ಮಾಡುತ್ತಾರೆ? ಅದನ್ನೂ ಯೋಚಿಸಿ ಸಲಹೆ ಕೊಡಿ.

---

ನಾಲ್ಕನೇ ಮಹಡಿ

ಮೇಷ್ಟ್ರೇ, 76 ವರ್ಷದವರು ಒಂದು ಅನ್ನ-ಸಾರು ಕಲಿಯಬಾರದಾ? ನನ್ನ ಅಪ್ಪ ಕಲಿತರು. ಉಪ್ಪು ಜಾಸ್ತಿ ಹಾಕ್ತಾರೆ, ಅಷ್ಟೇ.

---

ಬಿಳಿ ಟೋಪಿ

ಜಗಳ ಆಮೇಲೆ ಆಡಿ. ತಮ್ಮ, ಕ್ರಿಯಾಟಿನಿನ್ ಮೂರು ತಿಂಗಳಿಗೆ ಮತ್ತೆ ನೋಡಿಸು. ಗಂಟುನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗೋ ಅಭ್ಯಾಸ ಇದೆಯಾ ಅಂತ ಅಮ್ಮನನ್ನು ಕೇಳು. ಇದ್ದರೆ ಡಾಕ್ಟರಿಗೆ ಹೇಳಬೇಕು, ಕಿಡ್ನಿಗೆ ಅದು ಆಗಲ್ಲ.

ಅಪ್ಪನ ಕಣ್ಣೂ ತೋರಿಸು. ಕರೆಂಟ್ ಹೋದಾಗ ಫೋನ್ ನಂಬರ್ ಕಾಣಲಿಲ್ಲ ಅಂತ ನೀನು ಮೊದಲೇ ಬರೆದಿದ್ದೆ, ತೋಟದಲ್ಲಿ ಬಿದ್ದದ್ದು ಈಗ ತಿಳೀತು. ಪೊರೆ ಬಂದಿದ್ದರೆ ಡಿಸೆಂಬರ್ ರಜದಲ್ಲೇ ತೆಗೆಸಬಹುದು. ಆದರೆ ಆಪರೇಷನ್ ಆದ ಮೇಲೆ ಕೆಲವು ವಾರ ಕಣದ ಧೂಳಿಗೆ ಹೋಗುವ ಹಾಗಿಲ್ಲ. ಕೊಯ್ಲಿನಲ್ಲಿ ಅವರು ಕೇಳ್ತಾರಾ, ಅದನ್ನು ನೀನೇ ಹೇಳಬೇಕು.